ಹೃದಯಾಘಾತ, ಹೃದಯ ಸ್ತಂಭನ: ಪಕ್ಕದಲ್ಲಿರುವವರು ಏನು ಮಾಡಬೇಕು?

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ತಿಪಟೂರಿಗೆ ನೆರೆಯಲ್ಲೇ ಇರುವ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ, ಆತಂಕಗೊಂಡ ಜನರು ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಸಾಲುಗಟ್ಟಿ ನಿಂತಿದ್ದರು. ಆ ದಿನಗಳ ಮಾತುಕತೆಯಲ್ಲಿ ಎಲ್ಲ ಸಾವುಗಳಿಗೂ ಹೃದಯಾಘಾತವೆಂಬ ಒಂದೇ ಹೆಸರು ಬಳಕೆಯಾಯಿತು. ಆದರೆ ಎದೆಯನ್ನು ಹಿಡಿದುಕೊಂಡು ಕುಳಿತಿರುವ ವ್ಯಕ್ತಿಗೂ ಕುಸಿದುಬಿದ್ದು ಉಸಿರಾಡದಿರುವ ವ್ಯಕ್ತಿಗೂ ಬೇಕಾದ ನೆರವು ಒಂದೇ ಅಲ್ಲ. ಮೊದಲನೆಯವರನ್ನು ಹೆಜ್ಜೆ ಇಡಲೂ ಬಿಡದೆ ಬೇಗನೆ ಆಸ್ಪತ್ರೆಗೆ ಸಾಗಿಸಬೇಕು. ಎರಡನೆಯವರಿಗೆ ವಾಹನ ಹುಡುಕುವುದಕ್ಕೆ ಮೊದಲು ಬಿದ್ದ ಜಾಗದಲ್ಲೇ ಎದೆ ಒತ್ತಲು ಆರಂಭಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೋಟದ ಮನೆಗಳು ಊರಿನಿಂದ ದೂರದಲ್ಲಿದ್ದು, ಆಂಬುಲೆನ್ಸ್ ಬರುವುದಕ್ಕೆ ಸಮಯ ಹಿಡಿಯುವುದರಿಂದ, ಈ ವ್ಯತ್ಯಾಸವನ್ನು ಗುರುತಿಸುವ ಹೊಣೆ ಪಕ್ಕದಲ್ಲಿರುವ ಮನೆಯವರ ಮೇಲೆ ಅಥವಾ ಕೂಲಿಯಾಳುಗಳ ಮೇಲೆ ಬೀಳುತ್ತದೆ.

ಎರಡರ ನಡುವಿನ ವ್ಯತ್ಯಾಸ

ಹೃದಯವು ದೇಹಕ್ಕೆಲ್ಲ ರಕ್ತವನ್ನು ತಳ್ಳುವ ಸ್ನಾಯು. ಆ ಸ್ನಾಯುವಿಗೂ ರಕ್ತ ಬೇಕಾಗಿದ್ದು, ಅದನ್ನು ಒದಗಿಸಲು ಹೃದಯದ ಮೇಲ್ಮೈಯಲ್ಲಿ ಪರಿಧಮನಿಗಳೆಂಬ ರಕ್ತನಾಳಗಳಿವೆ. ವರ್ಷಗಳಿಂದ ನಾಳದ ಒಳಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋದಾಗ, ಆ ನಾಳವನ್ನು ನಂಬಿರುವ ಸ್ನಾಯುಭಾಗ ಸಾಯತೊಡಗುತ್ತದೆ. ಇದೇ ಹೃದಯಾಘಾತ. ಹೃದಯ ಇನ್ನೂ ಬಡಿಯುತ್ತಿರುವುದರಿಂದ ರೋಗಿಗೆ ಸಾಮಾನ್ಯವಾಗಿ ಎಚ್ಚರವಿರುತ್ತದೆ, ಅವರು ಮಾತನಾಡುತ್ತಾರೆ, ನೋವನ್ನು ಹೇಳಿಕೊಳ್ಳುತ್ತಾರೆ.

ಹೃದಯ ಸ್ತಂಭನವೆಂದರೆ ಹೃದಯದ ಪಂಪು ನಿಂತುಹೋಗುವುದು. ಬಡಿತವನ್ನು ನಡೆಸುವ ವಿದ್ಯುತ್ ಸಂಕೇತಗಳು ಅಸ್ತವ್ಯಸ್ತಗೊಂಡು ಹೃದಯದ ಕೋಣೆಗಳು ಬಡಿಯುವ ಬದಲು ಅದುರಲಾರಂಭಿಸಿದಾಗ, ಅಥವಾ ಸಂಕೇತವೇ ನಿಂತಾಗ, ಮಿದುಳಿಗೆ ರಕ್ತ ಹೋಗದೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ತೋಟಕ್ಕೆ ಡ್ರಿಪ್ ಪೈಪಿನ ಒಂದು ಕವಲು ಕಟ್ಟಿಕೊಂಡರೆ ಆ ಸಾಲಿನ ಗಿಡಗಳು ಮಾತ್ರ ಬಾಡುತ್ತವೆ, ಮೋಟರೇ ನಿಂತರೆ ಇಡೀ ತೋಟಕ್ಕೆ ನೀರು ಇಲ್ಲವಾಗುತ್ತದೆ; ಹೃದಯಾಘಾತಕ್ಕೂ ಹೃದಯ ಸ್ತಂಭನಕ್ಕೂ ಇರುವ ಅಂತರ ಇಷ್ಟೇ ಸ್ಪಷ್ಟವಾದುದು.

ಇವೆರಡೂ ಬೇರೆಯಾದರೂ ಸಂಬಂಧವಿಲ್ಲದವಲ್ಲ. ರಕ್ತ ಸಿಗದ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಕೆಡುವುದು ಸುಲಭವಾದ್ದರಿಂದ, ಹೃದಯಾಘಾತವು ಯಾವ ಗಳಿಗೆಯಲ್ಲಾದರೂ ಹೃದಯ ಸ್ತಂಭನಕ್ಕೆ ತಿರುಗಬಹುದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ವ್ಯಾಯಾಮದ ನಂತರ ಅಸ್ವಸ್ಥರಾಗಿ, ತಾವೇ ಕುಟುಂಬ ವೈದ್ಯರ ಬಳಿಗೆ ಹೋಗಿ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ತೆರಳಿದರೂ, ಆಸ್ಪತ್ರೆ ಮುಟ್ಟುವ ವೇಳೆಗೆ ಅವರ ಹೃದಯ ಬಡಿತ ನಿಂತಿತ್ತು. ಅವರಿಗೆ ಆಗ 46 ವರ್ಷ. ನಡೆದಾಡುತ್ತಿರುವ ರೋಗಿಯನ್ನು ಸಾಗಿಸುವಾಗಲೂ ಜೊತೆಯಲ್ಲಿರುವವರು ಎದೆ ಒತ್ತಲು ಸಿದ್ಧರಾಗಿರಬೇಕೆಂಬುದಕ್ಕೆ ಕಾರಣ ಇದೇ.

ಗುರುತಿಸುವುದು ಹೇಗೆ: ಎರಡು ಪ್ರಶ್ನೆಗಳು

ನಾಡಿ ನೋಡುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಗಾಬರಿಯಲ್ಲಿ ತಮ್ಮದೇ ಬೆರಳಿನ ಮಿಡಿತವನ್ನು ರೋಗಿಯ ನಾಡಿಯೆಂದು ತಿಳಿಯುವ ಸಂಭವವಿರುವುದರಿಂದ, ಸಾರ್ವಜನಿಕರು ನಾಡಿ ಹುಡುಕುತ್ತಾ ಕಾಲ ಕಳೆಯಬೇಕಿಲ್ಲ. ಹತ್ತು ಸೆಕೆಂಡಿನೊಳಗೆ ಉತ್ತರ ಸಿಗುವ ಎರಡು ಪ್ರಶ್ನೆಗಳು ಸಾಕು.

1. ಭುಜ ತಟ್ಟಿ ಗಟ್ಟಿಯಾಗಿ ಕರೆದಾಗ ವ್ಯಕ್ತಿ ಕಣ್ಣು ತೆರೆಯುತ್ತಾರೆಯೇ, ಅಲುಗಾಡುತ್ತಾರೆಯೇ, ಉತ್ತರಿಸುತ್ತಾರೆಯೇ?
2. ಎದೆಯನ್ನೂ ಹೊಟ್ಟೆಯನ್ನೂ ನೋಡಿದಾಗ ಸಹಜವಾದ, ಒಂದೇ ಸಮನಾದ ಉಸಿರಾಟ ಕಾಣುತ್ತದೆಯೇ?

ಉತ್ತರಿಸುತ್ತಿದ್ದು ಎದೆನೋವು ಹೇಳುತ್ತಿದ್ದರೆ ಅದನ್ನು ಹೃದಯಾಘಾತವೆಂದು ಎಣಿಸಿ ನಡೆಯಬೇಕು. ಉತ್ತರವಿಲ್ಲದೆ ಸಹಜ ಉಸಿರಾಟವೂ ಇಲ್ಲದಿದ್ದರೆ ಅದು ಹೃದಯ ಸ್ತಂಭನ. ಪ್ರಜ್ಞೆಯಿಲ್ಲದಿದ್ದರೂ ಉಸಿರಾಟ ಸಹಜವಾಗಿದ್ದರೆ, ವ್ಯಕ್ತಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ, ಉಸಿರನ್ನು ಗಮನಿಸುತ್ತಿರಬೇಕು.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಗತಿ ಮೇಲುಸಿರು. ಹೃದಯ ನಿಂತ ಮೊದಲ ಕೆಲವು ನಿಮಿಷಗಳಲ್ಲಿ ಹಲವರು ಬಾಯಿ ತೆರೆದು, ಗೊರಕೆಯಂತೆ ಸದ್ದು ಮಾಡುತ್ತಾ, ಬಹಳ ಹೊತ್ತಿಗೊಮ್ಮೆ ಉಸಿರೆಳೆಯುತ್ತಾರೆ. ಇದು ರಕ್ತ ಸಿಗದ ಮಿದುಳಿನ ಬುಡಭಾಗದ ಪ್ರತಿಕ್ರಿಯೆಯೇ ಹೊರತು ಉಸಿರಾಟವಲ್ಲ. ಇದನ್ನು ಕಂಡು ಕೆಲವರು ‘ಉಸಿರಿದೆ’ ಎಂದು ಕಾಯುತ್ತಾರೆ, ಇನ್ನು ಕೆಲವರು ಕೊನೆಯ ಗಳಿಗೆಯೆಂದು ತಿಳಿದು ಬಾಯಿಗೆ ನೀರು ಬಿಡುತ್ತಾರೆ. ಕುಸಿದುಬಿದ್ದವರಲ್ಲಿ ಮೇಲುಸಿರು ಕಂಡರೆ ಎದೆ ಒತ್ತುವ ಕೆಲಸ ಕೂಡಲೇ ಆರಂಭವಾಗಬೇಕು. ಬದುಕಿಸುವ ಅವಕಾಶ ಇನ್ನೂ ಇರುವ ಹೊತ್ತು ಅದು. ಹಾಗೆಯೇ, ಹೃದಯ ನಿಂತ ಕ್ಷಣದಲ್ಲಿ ಕೈಕಾಲು ಸ್ವಲ್ಪ ಹೊತ್ತು ಅದುರುವುದುಂಟು. ಅದನ್ನು ಮೂರ್ಛೆರೋಗವೆಂದು ತಿಳಿದು ಕೈಗೆ ಬೀಗದ ಕೈ ಹಿಡಿಸುತ್ತಾ ಕೂರುವ ಬದಲು, ಅದುರುವಿಕೆ ನಿಂತ ಕೂಡಲೇ ಉಸಿರಾಟವನ್ನು ನೋಡಬೇಕು.

ಎಚ್ಚರವಿದ್ದು ಎದೆನೋವಿದ್ದರೆ

ಮುಚ್ಚಿದ ನಾಳವನ್ನು ತೆರೆಯುವವರೆಗೂ ಸ್ನಾಯು ಸಾಯುತ್ತಲೇ ಇರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಿದಷ್ಟೂ ಬೇಗ ಸಾಯುತ್ತದೆ. ಆದ್ದರಿಂದ ನೆರವಾಗುವವರ ಗುರಿ ಎರಡು: ಹೃದಯಕ್ಕೆ ಕೆಲಸ ತಗ್ಗಿಸುವುದು, ನಾಳ ತೆರೆಯುವ ಚಿಕಿತ್ಸೆ ಆರಂಭವಾಗುವ ಜಾಗಕ್ಕೆ ಬೇಗ ತಲುಪಿಸುವುದು. ಎದೆಯ ನಡುವೆ ಭಾರ ಹೇರಿದಂತೆ ಅಥವಾ ಹಿಂಡಿದಂತೆ ಆಗುವುದು, ನೋವು ತೋಳು, ಕುತ್ತಿಗೆ, ದವಡೆ ಇಲ್ಲವೇ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಏದುಸಿರು, ವಾಕರಿಕೆ ಇವು ಲಕ್ಷಣಗಳು. ಸಕ್ಕರೆ ಕಾಯಿಲೆ ಇರುವವರಲ್ಲಿ, ಮಹಿಳೆಯರಲ್ಲಿ ಮತ್ತು ವಯಸ್ಸಾದವರಲ್ಲಿ ನೋವು ಹೆಚ್ಚಿಲ್ಲದೆ ಬರಿಯ ಬೆವರು, ಸುಸ್ತು, ಏದುಸಿರು ಮಾತ್ರ ಕಾಣಬಹುದು.

1. ಕೆಲಸ ನಿಲ್ಲಿಸಿ, ಗೋಡೆಗೋ ಮರಕ್ಕೋ ಒರಗಿಸಿ, ಮಂಡಿ ಮಡಿಸಿ ಅರೆಕುಳಿತ ಭಂಗಿಯಲ್ಲಿ ಕೂರಿಸಬೇಕು. ತೋಟದಿಂದ ರಸ್ತೆಯವರೆಗೆ ನಡೆಸಬಾರದು. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ ತರಬೇಕು.
2. 108ಕ್ಕೆ ಕರೆ ಮಾಡಿ, ‘ಎದೆನೋವು, ಹೃದಯಾಘಾತದ ಅನುಮಾನ’ ಎಂದು ಸ್ಪಷ್ಟವಾಗಿ ಹೇಳಿ, ಊರು, ಹೋಬಳಿ ಮತ್ತು ತೋಟಕ್ಕೆ ಬರುವ ದಾರಿಯ ಗುರುತು ತಿಳಿಸಬೇಕು. ಒಬ್ಬರನ್ನು ಮುಖ್ಯರಸ್ತೆಯಲ್ಲಿ ನಿಲ್ಲಿಸಬೇಕು.
3. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ, ಇತ್ತೀಚಿನ ಪಾರ್ಶ್ವವಾಯು ಇವು ಇಲ್ಲದ ವಯಸ್ಕರಿಗೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದು. ಮನೆಯಲ್ಲಿರುವುದು 75 ಮಿಲಿಗ್ರಾಂ ಮಾತ್ರೆಯಾದರೆ ನಾಲ್ಕು. ಅಗಿದಾಗ ಔಷಧ ಬೇಗ ರಕ್ತಕ್ಕೆ ಸೇರಿ, ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಸಂದೇಹವಿದ್ದರೆ 108ರವರನ್ನು ಅಥವಾ ವೈದ್ಯರನ್ನು ಕೇಳಿಯೇ ಕೊಡಬೇಕು.
4. ಇಸಿಜಿ ತೆಗೆಯುವ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಬೇಕು. ತಿಪಟೂರಿನಿಂದ ಬೆಂಗಳೂರು ಸುಮಾರು 140 ಕಿಲೋಮೀಟರ್ ದೂರವಿದ್ದು, ದೊಡ್ಡ ಆಸ್ಪತ್ರೆಯೇ ಬೇಕೆಂದು ನೇರವಾಗಿ ಹೊರಟರೆ ಅಮೂಲ್ಯವಾದ ಎರಡು ಮೂರು ಗಂಟೆಗಳು ಚಿಕಿತ್ಸೆಯಿಲ್ಲದೆ ಕಳೆಯುತ್ತವೆ.

ನಾಲ್ಕನೆಯ ಅಂಶಕ್ಕೆ ಸ್ವಲ್ಪ ವಿವರಣೆ ಬೇಕು. ಕರ್ನಾಟಕ ಸರ್ಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಗೆ ಸೇರಿದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ಕೇಂದ್ರದ ತಜ್ಞರು ದೂರದಿಂದಲೇ ಪರಿಶೀಲಿಸುತ್ತಾರೆ. ನಾಳ ಪೂರ್ತಿ ಮುಚ್ಚಿದೆಯೆಂದು ಕಂಡುಬಂದರೆ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯಿರುವ ಈ ಮದ್ದನ್ನು ನೋವು ಆರಂಭವಾದ 12 ಗಂಟೆಯೊಳಗೆ ಕೊಡಬಹುದಾದರೂ, ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟಾಗ ಉಳಿಯುವ ಸ್ನಾಯು ಹೆಚ್ಚು. ಆಮೇಲೆ ರೋಗಿಯನ್ನು ಆಂಜಿಯೋಗ್ರಾಮ್ ಸೌಲಭ್ಯವಿರುವ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ತಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ, ರಾತ್ರಿಯೂ ಇಸಿಜಿ ತೆಗೆಯುತ್ತಾರೆಯೇ ಎಂಬುದನ್ನು ಪ್ರತಿ ಮನೆಯವರೂ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಎಚ್ಚರಿಕೆ: ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಅಕ್ಕಪಕ್ಕದವರಿಂದ ತಂದು ಕೊಡುವ ರೂಢಿಯಿದೆ. ಅದು ರಕ್ತದೊತ್ತಡವನ್ನು ಥಟ್ಟನೆ ಇಳಿಸುವುದರಿಂದ, ವೈದ್ಯರು ಆ ರೋಗಿಗೇ ಬರೆದುಕೊಟ್ಟಿದ್ದರೆ ಮಾತ್ರ ಬಳಸಬೇಕು. ಹೃದಯ ಬಡಿಯುತ್ತಿರುವ, ಮಾತನಾಡುತ್ತಿರುವ ರೋಗಿಯ ಎದೆಯನ್ನು ಒತ್ತಬಾರದು.

ಪ್ರಜ್ಞೆಯೂ ಸಹಜ ಉಸಿರೂ ಇಲ್ಲದಿದ್ದರೆ

ರಕ್ತ ನಿಂತ ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ, ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಕುಸಿಯುತ್ತದೆ. ಎದೆಮೂಳೆಯನ್ನು ಬಲವಾಗಿ ಒತ್ತಿದಾಗ ಎದೆಗೂಡಿನೊಳಗಿನ ರಕ್ತ ಹೊರಕ್ಕೆ ತಳ್ಳಲ್ಪಟ್ಟು, ಕೈ ಸಡಿಲಿಸಿದಾಗ ಹೃದಯ ಮತ್ತೆ ತುಂಬುತ್ತದೆ. ಹೀಗೆ ಸಹಜ ಹರಿವಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ರಕ್ತ ಹರಿಯುತ್ತದೆ. ಅಷ್ಟಾದರೂ ಮಿದುಳನ್ನು ಕೆಲಕಾಲ ಕಾಪಾಡಬಲ್ಲದು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಈ ವಿಧಾನವೇ ಇಂದು ಸಿಪಿಆರ್ ಎಂದು ಕರೆಯಲಾಗುವ ಪ್ರಥಮ ಚಿಕಿತ್ಸೆಯ ಆಧಾರ.

1. ಸಹಾಯಕ್ಕೆ ಕೂಗಿ, 108ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಬೇಕು. ಇನ್ನೊಬ್ಬರಿದ್ದರೆ ಕರೆಯನ್ನು ಅವರಿಗೆ ಬಿಟ್ಟು ಎದೆ ಒತ್ತುವುದನ್ನು ಆರಂಭಿಸಬೇಕು.
2. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಹಾಸಿಗೆ, ಮಂಚ ಅಥವಾ ಕೊಬ್ಬರಿ ಚೀಲಗಳ ಮೇಲೆ ಒತ್ತಿದರೆ ಕೆಳಗಿನ ಹಾಸು ತಗ್ಗುತ್ತದೆಯೇ ಹೊರತು ಎದೆ ತಗ್ಗುವುದಿಲ್ಲ.
3. ಒಂದು ಅಂಗೈಯ ಬುಡವನ್ನು ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲಿಟ್ಟು, ಅದರ ಮೇಲೆ ಇನ್ನೊಂದು ಕೈ ಹೆಣೆಯಬೇಕು. ಮೊಳಕೈ ಮಡಿಸದೆ, ಭುಜ ನೇರವಾಗಿ ಕೈಗಳ ಮೇಲೆ ಬರುವಂತೆ ಬಾಗಿ, ತೋಳಿನ ಬಲದಿಂದಲ್ಲದೆ ದೇಹದ ಭಾರದಿಂದ ಒತ್ತಬೇಕು.
4. ಎದೆ ಕನಿಷ್ಠ 5 ಸೆಂಟಿಮೀಟರ್ ತಗ್ಗಬೇಕು, 6 ಮೀರಬಾರದು. ವೇಗ ನಿಮಿಷಕ್ಕೆ 100ರಿಂದ 120, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಗಟ್ಟಿಯಾಗಿ ಎಣಿಸುವುದರಿಂದ ವೇಗ ತಪ್ಪುವುದಿಲ್ಲ.
5. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಒರಗಿಕೊಂಡೇ ಒತ್ತಿದರೆ ಹೃದಯ ತುಂಬುವುದಿಲ್ಲ.
6. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಮುಂದುವರಿಸಬೇಕು, ಏಕೆಂದರೆ ದಣಿದವರು ತಮಗೆ ತಿಳಿಯದಂತೆಯೇ ಆಳ ಕಡಿಮೆ ಮಾಡುತ್ತಾರೆ. ಕೈ ಬದಲಾಯಿಸುವಾಗ ಐದಾರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು.
7. ಹತ್ತಿರದಲ್ಲಿ ಎಇಡಿ ಯಂತ್ರವಿದ್ದರೆ ತರಿಸಬೇಕು. ಹೃದಯದ ಅದುರುವಿಕೆಯನ್ನು ವಿದ್ಯುತ್ ಆಘಾತದಿಂದ ನಿಲ್ಲಿಸಿ ಸಹಜ ಬಡಿತಕ್ಕೆ ಅವಕಾಶ ಕೊಡುವ ಈ ಯಂತ್ರವು ಏನು ಮಾಡಬೇಕೆಂಬುದನ್ನು ತಾನೇ ದನಿಯಲ್ಲಿ ಹೇಳುತ್ತದೆ. ಆಘಾತ ಕೊಡುವಾಗ ಯಾರೂ ರೋಗಿಯನ್ನು ಮುಟ್ಟಬಾರದು.
8. ರೋಗಿ ಅಲುಗಾಡಿ ಸಹಜವಾಗಿ ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಸಿಬ್ಬಂದಿ ಕೈಗೆತ್ತಿಕೊಳ್ಳುವವರೆಗೆ ಒತ್ತುತ್ತಲೇ ಇರಬೇಕು.

ಹಠಾತ್ತನೆ ಕುಸಿದ ವಯಸ್ಕರ ರಕ್ತದಲ್ಲಿ ಮೊದಲ ಕೆಲವು ನಿಮಿಷಗಳಿಗೆ ಸಾಕಾಗುವಷ್ಟು ಆಮ್ಲಜನಕ ಉಳಿದಿರುವುದರಿಂದ, ತರಬೇತಿಯಿಲ್ಲದವರು ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಅಗತ್ಯವಿಲ್ಲ. ಕೆರೆಯಲ್ಲೋ ಕೃಷಿಹೊಂಡದಲ್ಲೋ ಮುಳುಗಿದವರ ಮತ್ತು ಮಕ್ಕಳ ವಿಷಯ ಬೇರೆ. ಅಲ್ಲಿ ಆಮ್ಲಜನಕದ ಕೊರತೆಯೇ ಮೂಲ ಕಾರಣವಾದ್ದರಿಂದ, ಬಲ್ಲವರು 30 ಒತ್ತುಗಳಿಗೆ 2 ಉಸಿರು ಕೊಡಬೇಕು.

ತೆಂಗಿನ ಸೀಮೆಗೆ ವಿಶೇಷವಾಗಿ ಅನ್ವಯಿಸುವ ಎಚ್ಚರಿಕೆ ಕರೆಂಟಿನದು. ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಯನ್ನು ಮುಟ್ಟಿದಾಗ ಅಥವಾ ಕಾಯಿ ಕೀಳುವ ಲೋಹದ ದೋಟಿ ತಂತಿಗೆ ತಗುಲಿದಾಗ ಹೃದಯ ಸ್ತಂಭನವಾಗುವುದುಂಟು. ಮೇನ್ ಸ್ವಿಚ್ ಆರಿಸದೆ ಬಿದ್ದವರನ್ನು ಮುಟ್ಟಿದರೆ ಎರಡನೆಯ ಜೀವವೂ ಹೋಗಬಹುದು. ದೋಟಿ ತಗುಲಿದ್ದು ಮೇಲೆ ಹಾದುಹೋಗುವ ವಿದ್ಯುತ್ ಮಾರ್ಗಕ್ಕಾದರೆ ಹತ್ತಿರ ಸುಳಿಯದೆ, ಬೆಸ್ಕಾಂನ 1912ಕ್ಕೆ ಕರೆ ಮಾಡಿ ಮಾರ್ಗದ ವಿದ್ಯುತ್ ಕಡಿತಗೊಳಿಸಿದ್ದು ಖಚಿತವಾದ ಮೇಲೆ ಎದೆ ಒತ್ತಲು ಆರಂಭಿಸಬೇಕು.

ಒಂದು ಸಂದರ್ಭವನ್ನು ಬಿಡಿಸಿ ನೋಡಿದರೆ

ತುರುವೇಕೆರೆ ತಾಲ್ಲೂಕಿನ ಒಂದು ತೋಟದಲ್ಲಿ ಬೆಳಿಗ್ಗೆ 10 ಗಂಟೆಗೆ ಕಾಯಿ ಸುಲಿಯುತ್ತಿದ್ದ 58 ವರ್ಷದ ರೈತರಿಗೆ ಎದೆ ಹಿಂಡಿದಂತಾಗಿ ಬೆವರು ಸುರಿಯಿತೆಂದು ಊಹಿಸಬಹುದು. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಸಿ ಒಂದು ಗಂಟೆ ಕಾದರೆ, ಚುಚ್ಚುಮದ್ದು ಅತಿ ಹೆಚ್ಚು ಫಲ ಕೊಡುವ ಅವಧಿಯಲ್ಲಿ ಬಹುಪಾಲು ಕಳೆದಂತೆಯೇ. ಸರಿಯಾದ ಕ್ರಮದಲ್ಲಿ, 10 ಗಂಟೆ 5 ನಿಮಿಷಕ್ಕೆ ಅವರನ್ನು ಒರಗಿಸಿ ಕೂರಿಸಿ 108ಕ್ಕೆ ಕರೆ ಹೋಗುತ್ತದೆ, ಆಸ್ಪಿರಿನ್ ಅಗಿಯಲು ಕೊಡಲಾಗುತ್ತದೆ. ಆಂಬುಲೆನ್ಸ್ ಬರಲು ಬಹಳ ಹೊತ್ತಾಗುವುದೆಂದು ತಿಳಿದಾಗ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಒಬ್ಬರು ಮಾತನಾಡಿಸುತ್ತಾ ತಾಲ್ಲೂಕು ಆಸ್ಪತ್ರೆಯತ್ತ ಹೊರಡುತ್ತಾರೆ.

ದಾರಿಯಲ್ಲಿ, ಆಸ್ಪತ್ರೆ ಇನ್ನೂ ಹದಿನೈದು ನಿಮಿಷ ದೂರವಿರುವಾಗ, ಅವರು ಥಟ್ಟನೆ ಮಾತು ನಿಲ್ಲಿಸಿ ಮೇಲುಸಿರು ಬಿಡತೊಡಗಿದರೆ, ಹೃದಯಾಘಾತ ಸ್ತಂಭನಕ್ಕೆ ತಿರುಗಿದಂತೆ. ಇಲ್ಲಿ ಬಹುತೇಕರು ಕಾರಿನ ವೇಗ ಹೆಚ್ಚಿಸುತ್ತಾರೆ. ಆದರೆ ಸೀಟಿನಲ್ಲಿ ಕುಳಿತವರ ಎದೆಯನ್ನು ಸರಿಯಾಗಿ ಒತ್ತಲಾಗದು. ಹದಿನೈದು ನಿಮಿಷ ಮಿದುಳಿಗೆ ರಕ್ತವಿಲ್ಲದೆ ಆಸ್ಪತ್ರೆ ತಲುಪಿದವರಿಗೆ ವೈದ್ಯರು ಮಾಡಬಹುದಾದದ್ದು ಬಹಳ ಕಡಿಮೆ. ಆಸ್ಪತ್ರೆಯ ಗೇಟು ಎದುರಿಗೇ ಇಲ್ಲದಿದ್ದರೆ, ಸಂಚಾರದಿಂದ ದೂರವಾಗಿ ಕಾರು ನಿಲ್ಲಿಸಿ, ಅವರನ್ನು ನೆಲಕ್ಕಿಳಿಸಿ, ಒಬ್ಬರು ಒತ್ತುತ್ತಾ ಇನ್ನೊಬ್ಬರು 108ಕ್ಕೆ ‘ಉಸಿರು ನಿಂತಿದೆ, ಎದೆ ಒತ್ತುತ್ತಿದ್ದೇವೆ’ ಎಂದು ಸ್ಥಳ ತಿಳಿಸಬೇಕು. ಹೀಗೆ ಮಾಡಿದರೂ ಎಲ್ಲರೂ ಬದುಕುಳಿಯುವುದಿಲ್ಲ. ಹೀಗೆ ಮಾಡದಿದ್ದರೆ ಉಳಿಯುವ ಸಾಧ್ಯತೆಯೇ ಇಲ್ಲವಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎದೆನೋವಿರುವವರನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಕರೆದೊಯ್ಯುವುದು, ಅಥವಾ ಅವರೇ ವಾಹನ ಓಡಿಸಿಕೊಂಡು ಹೋಗಲು ಬಿಡುವುದು. ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಅಪಘಾತವೂ ಸೇರಿಕೊಳ್ಳುತ್ತದೆ.

ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಸೋಡಾ ಅಥವಾ ಮಾತ್ರೆ ಹಾಕುವುದು. ನುಂಗುವ ಶಕ್ತಿಯಿಲ್ಲದಾಗ ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಪಕ್ಕೆಲುಬು ಮುರಿಯುವ ಭಯದಿಂದ ಮೆಲ್ಲಗೆ ಒತ್ತುವುದು. ಸರಿಯಾಗಿ ಒತ್ತಿದಾಗ ಪಕ್ಕೆಲುಬು ಬಿರುಕು ಬಿಡುವುದು ಸಾಮಾನ್ಯ, ಅದು ಕೂಡಿಕೊಳ್ಳುತ್ತದೆ. ರಕ್ತ ಸಿಗದೆ ಸತ್ತ ಮಿದುಳು ಮರಳಿ ಬರುವುದಿಲ್ಲ.

ಒಬ್ಬಂಟಿಯಾಗಿರುವಾಗ ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತದಿಂದ ಪಾರಾಗಬಹುದೆಂದು ವಾಟ್ಸಾಪ್‌ನಲ್ಲಿ ಹರಿದಾಡುವ ಸಂದೇಶವನ್ನು ನಂಬುವುದು. ಕೆಮ್ಮಿನಿಂದ ಮುಚ್ಚಿದ ನಾಳ ತೆರೆಯುವುದಿಲ್ಲ. ಆ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ, ಬಾಗಿಲ ಚಿಲಕ ತೆಗೆದು ಕುಳಿತುಕೊಳ್ಳುವುದೇ ಸರಿ.

ಮಹಿಳೆ ಕುಸಿದುಬಿದ್ದಾಗ ಎದೆ ಮುಟ್ಟಲು ಸಂಕೋಚಪಡುವುದು. ಕೈಯಿಡಬೇಕಾದ ಜಾಗ ಎದೆಯ ನಡುವಿನ ಮೂಳೆ. ಬಟ್ಟೆಯ ಮೇಲಿಂದಲೇ ಒತ್ತಬಹುದು.

ಎಚ್ಚರವಿದ್ದರೆ ಕೂರಿಸಿ ಸಾಗಿಸುವುದು, ಎಚ್ಚರವೂ ಸಹಜ ಉಸಿರೂ ಇಲ್ಲದಿದ್ದರೆ ಮಲಗಿಸಿ ಎದೆ ಒತ್ತುವುದು: ಇಷ್ಟನ್ನು ಮನೆಯವರಿಗೂ ತೋಟದ ಕೆಲಸದವರಿಗೂ ಇಂದೇ ತಿಳಿಸಿ, ಗಟ್ಟಿಯಾದ ತಲೆದಿಂಬಿನ ಮೇಲೆ ಎರಡು ನಿಮಿಷ ಎಣಿಸಿಕೊಂಡು ಒತ್ತುವುದನ್ನು ಪ್ರತಿಯೊಬ್ಬ ಓದುಗರೂ ಅಭ್ಯಾಸ ಮಾಡಿಕೊಳ್ಳಬೇಕು.